ಮೂವರು ಫ್ರೀಲಾನ್ಸರ್‌ಗಳು, ಒಂದೇ ಆಫೀಸ್ ರೂಮು: ಬಾಡಿಗೆ ಮತ್ತು ಇಂಟರ್ನೆಟ್ ಹಂಚಿಕೊಳ್ಳುವ ಲೆಕ್ಕ

ಮೈಸೂರಿನ ಕುವೆಂಪುನಗರದಲ್ಲಿ ಒಂದು ಅಂಗಡಿಯ ಮೇಲಿನ ರೂಮನ್ನು ನಾವು ಮೂರು ಜನ ಸೇರಿ ಬಾಡಿಗೆಗೆ ಹಿಡಿದಿದ್ದೇವೆ. ತಿಂಗಳಿಗೆ 12,000 ರೂಪಾಯಿ. ಒಬ್ಬರು ಮದುವೆ ವಿಡಿಯೋಗಳನ್ನು ಎಡಿಟ್ ಮಾಡುತ್ತಾರೆ. ಭಾನುವಾರ ಬಿಟ್ಟು 6 ದಿನವೂ ಬರುತ್ತಾರೆ, ಅವರ ಕಂಪ್ಯೂಟರ್ ಮತ್ತು ಎರಡು ಮಾನಿಟರ್ ಟೇಬಲ್ ಮೇಲೆಯೇ ಇರುತ್ತವೆ. ನಾನು ಅನುವಾದ ಮಾಡುವವಳು, ವಾರಕ್ಕೆ 4 ದಿನ ಬರುತ್ತೇನೆ. ಮೂರನೆಯವರು ವೆಬ್ ಡೆವಲಪರ್. ಹೊರದೇಶದ ಕ್ಲೈಂಟ್ ಜೊತೆ ಕಾಲ್ ಇರುವ ಮಂಗಳವಾರ, ಗುರುವಾರ ಮಾತ್ರ ಲ್ಯಾಪ್‌ಟಾಪ್ ಹಿಡಿದುಕೊಂಡು ಬರುತ್ತಾರೆ.

ಇಂಥ ಮೂವರು ಖರ್ಚನ್ನು ಹೇಗೆ ಹಂಚಿಕೊಳ್ಳಬೇಕು? ಸಮನಾಗಿ 4,000, 4,000, 4,000 ಅಂದರೆ ವಾರಕ್ಕೆ ಎರಡು ದಿನ ಬರುವವರಿಗೆ ಅನ್ಯಾಯ. ಬಂದ ದಿನ ಎಣಿಸಿ ಹಂಚೋಣ ಅಂತ ಎಲ್ಲರಿಗೂ ಮೊದಲು ಅನ್ನಿಸುತ್ತದೆ. ನಮಗೂ ಹಾಗೇ ಅನ್ನಿಸಿತು. ಅದು ಇನ್ನೂ ದೊಡ್ಡ ತಪ್ಪು ಅಂತ ಗೊತ್ತಾಗಿದ್ದು ಆಷಾಢದಲ್ಲಿ. ಮೊದಲು ಆ ಕಥೆ ಹೇಳಿ, ಆಮೇಲೆ ನಾವು ಈಗ ಹಂಚುವ ರೀತಿಯನ್ನು ಒಂದೊಂದೇ ಹೆಜ್ಜೆಯಾಗಿ ವಿವರಿಸುತ್ತೇನೆ.

ಬಂದ ದಿನ ಎಣಿಸಬೇಡಿ

ಶುರುವಿನಲ್ಲಿ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್ ನೇತುಹಾಕಿದ್ದೆವು. ಬಂದ ದಿನ ಅವರವರ ಬಣ್ಣದ ಪೆನ್ನಿನಲ್ಲಿ ಒಂದು ಗೆರೆ. ತಿಂಗಳ ಕೊನೆಗೆ ಗೆರೆ ಎಣಿಸಿ ಬಾಡಿಗೆ ಹಂಚುವುದು. ಮದುವೆಗಳ ಭರಾಟೆ ಇದ್ದ ಒಂದು ತಿಂಗಳಲ್ಲಿ ಎಡಿಟರ್ 26 ದಿನ, ನಾನು 17 ದಿನ, ಡೆವಲಪರ್ 9 ದಿನ ಬಂದಿದ್ದೆವು. ಒಟ್ಟು 52 ಗೆರೆ. ಲೆಕ್ಕ ಹಾಕಿದರೆ ಎಡಿಟರ್‌ಗೆ 6,000, ನನಗೆ 3,923, ಡೆವಲಪರ್‌ಗೆ 2,077. ಎಲ್ಲರಿಗೂ ಸರಿ ಅನ್ನಿಸಿತು.

ಆಮೇಲೆ ಆಷಾಢ ಬಂತು. ಮದುವೆ ಇಲ್ಲ, ಎಡಿಟರ್‌ಗೆ ಕೆಲಸವೂ ಇಲ್ಲ. ಅವರು ಬಂದಿದ್ದು 6 ದಿನ. ನಾನು ಎಂದಿನಂತೆ 17, ಡೆವಲಪರ್ 9. ಒಟ್ಟು 32 ಗೆರೆ, ಅಂದರೆ ಒಂದು ಗೆರೆಗೆ 375 ರೂಪಾಯಿ. ಎಡಿಟರ್‌ಗೆ ಬಂದಿದ್ದು 2,250. ನನಗೆ 6,375! ನಾನು ಒಂದು ದಿನವೂ ಹೆಚ್ಚಿಗೆ ಬಂದಿರಲಿಲ್ಲ. ಬಾಡಿಗೆಯೂ ಏರಿರಲಿಲ್ಲ. ಆದರೂ ನನ್ನ ಪಾಲು ಸುಮಾರು 2,450 ರೂಪಾಯಿ ಏರಿತು. ಇಡೀ ತಿಂಗಳು ಕಿಟಕಿ ಪಕ್ಕದ ದೊಡ್ಡ ಟೇಬಲ್ ಮೇಲೆ ಆ ಎರಡು ಮಾನಿಟರ್‌ಗಳು ಬಟ್ಟೆ ಹೊದ್ದುಕೊಂಡು ಕೂತಿದ್ದವು. ಆ ಜಾಗವನ್ನು ಬೇರೆ ಯಾರೂ ಬಳಸುವ ಹಾಗಿರಲಿಲ್ಲ.

"ಅಣ್ಣ, ನೀವು ಬರದಿದ್ರೂ ನಿಮ್ಮ ಟೇಬಲ್ ಇಲ್ಲೇ ಇತ್ತಲ್ವಾ?" ಅಂತ ಡೆವಲಪರ್ ಕೇಳಿದರು.

"ಇತ್ತು. ಆದ್ರೆ ದುಡಿಮೆ ಇಲ್ಲದ ತಿಂಗಳು ಪೂರ್ತಿ ಬಾಡಿಗೆ ಹೇಗೆ ಕೊಡ್ಲಿ?" ಅಂತ ಅವರು.

ಇಬ್ಬರ ಮಾತಿನಲ್ಲೂ ನ್ಯಾಯ ಇತ್ತು. ತಪ್ಪು ಇದ್ದದ್ದು ಲೆಕ್ಕದಲ್ಲಿ. ನಾವು ರೂಮಿಗೆ ಬಂದದ್ದಕ್ಕೆ ಓನರ್‌ಗೆ ದುಡ್ಡು ಕೊಡುವುದಿಲ್ಲ. ಬೇಕಾದಾಗ ಬರುವುದಕ್ಕೆ ಜಾಗ ಕಾದಿರಲಿ ಅಂತ ಕೊಡುತ್ತೇವೆ. ಹಾಗಾಗಿ ಎಣಿಸಬೇಕಾದದ್ದು ಬಂದ ದಿನಗಳನ್ನಲ್ಲ, ಮುಂಚೆಯೇ ಕಾದಿರಿಸಿದ ದಿನಗಳನ್ನು. ಬಂದ ದಿನ ಎಣಿಸುವುದರಲ್ಲಿ ಇನ್ನೊಂದು ಕೆಡುಕೂ ಇದೆ. ತಿಂಗಳ ಕೊನೆಯ ವಾರ "ಇವತ್ತು ಮನೆಯಲ್ಲೇ ಕೂತರೆ ಒಂದು ಗೆರೆ ಉಳಿಯುತ್ತೆ" ಅನ್ನುವ ಯೋಚನೆ ಬರುತ್ತದೆ. ನನಗೆ ಬಂದಿತ್ತು. ರೂಮು ಖಾಲಿ ಇರುತ್ತದೆ, ಬಾಡಿಗೆ ಮಾತ್ರ ಅಷ್ಟೇ ಇರುತ್ತದೆ.

ಹೆಜ್ಜೆ 1: ವಾರದ ಪಟ್ಟಿ ಬರೆಯಿರಿ

ಒಂದು ಹಾಳೆಯಲ್ಲಿ ಸೋಮವಾರದಿಂದ ಶನಿವಾರದವರೆಗೆ 6 ಅಂಕಣ ಹಾಕಿ. ಯಾರಿಗೆ ಯಾವ ದಿನ ಟೇಬಲ್ ಬೇಕೇ ಬೇಕು ಅಂತ ತುಂಬಿಸಿ. ನಮ್ಮದು 6, 4, 2. ಒಟ್ಟು 12.

ಸಾಮಾನು ಬಿಟ್ಟುಹೋಗುವವರಿಗೆ ಒಂದು ನಿಯಮ ಇಟ್ಟುಕೊಳ್ಳಿ. ಬೇರೆಯವರು ಕೂರಲು ಆಗದ ಹಾಗೆ ನಿಮ್ಮ ಕಂಪ್ಯೂಟರ್ ಅಲ್ಲೇ ಇದ್ದರೆ, ನೀವು ಎಷ್ಟು ದಿನ ಬಂದರೂ 6 ದಿನ ಕಾದಿರಿಸಿದ ಲೆಕ್ಕ. ಟೇಬಲ್ ಖಾಲಿ ಮಾಡಿ ಹೋಗುವವರಿಗೆ ಮಾತ್ರ ದಿನದ ಲೆಕ್ಕ.

ಈ ಪಟ್ಟಿಯನ್ನು ರೂಮು ಹುಡುಕುವ ಮುಂಚೆಯೇ ಬರೆದರೆ ದೊಡ್ಡ ಉಳಿತಾಯವೇ ಆಗಬಹುದು. ನಮ್ಮದನ್ನೇ ನೋಡಿ. ನನ್ನ 4 ದಿನ, ಡೆವಲಪರ್ ಅವರ 2 ದಿನ ಸೇರಿದರೆ ಸರಿಯಾಗಿ 6. ನಾನು ಸೋಮವಾರ, ಬುಧವಾರ, ಶುಕ್ರವಾರ, ಶನಿವಾರ ಬಂದಿದ್ದರೆ ನಮ್ಮಿಬ್ಬರಿಗೆ ಒಂದೇ ಟೇಬಲ್ ಸಾಕಿತ್ತು. ಎರಡು ಟೇಬಲ್ ಹಿಡಿಸುವ ರೂಮು ಅದೇ ರಸ್ತೆಯಲ್ಲಿ 9,000ಕ್ಕೆ ಇತ್ತು. ಆದರೆ ಶುಕ್ರವಾರ, ಶನಿವಾರ ನಾನು ಅಮ್ಮನನ್ನು ನೋಡಿಕೊಳ್ಳಬೇಕು. ಹಾಗಾಗಿ ನನಗೆ ಸೋಮವಾರದಿಂದ ಗುರುವಾರವೇ ಆಗಬೇಕಿತ್ತು, ಮಂಗಳವಾರ ಮತ್ತು ಗುರುವಾರ ಮೂರೂ ಟೇಬಲ್ ಬೇಕಾದವು. ನಿಮಗೆ ದಿನ ಬದಲಾಯಿಸಿಕೊಳ್ಳಲು ಆಗುವುದಾದರೆ ಇದನ್ನು ಬಿಡಬೇಡಿ. ಹಂಚುವ ಲೆಕ್ಕ ಎಷ್ಟೇ ಚೆನ್ನಾಗಿರಲಿ, ತಿಂಗಳಿಗೆ 3,000 ರೂಪಾಯಿ ಕಡಿಮೆಯ ರೂಮು ಕೊಡುವಷ್ಟು ಉಳಿತಾಯವನ್ನು ಅದು ಕೊಡುವುದಿಲ್ಲ.

ಹೆಜ್ಜೆ 2: ಬಾಡಿಗೆಯನ್ನು ಎರಡು ಭಾಗ ಮಾಡಿ

ಕಾದಿರಿಸಿದ ದಿನಗಳ ಮೇಲೆ ಪೂರ್ತಿ 12,000 ಹಂಚಿದರೂ ಸರಿ ಹೋಗುವುದಿಲ್ಲ. ಯಾಕೆ ಅಂದರೆ ಆ ದುಡ್ಡಿನಲ್ಲಿ ಟೇಬಲ್ ಜಾಗ ಮಾತ್ರ ಇಲ್ಲ. ಬಾಗಿಲು, ಬೀಗದ ಕೈ, ಟಾಯ್ಲೆಟ್, ಮೆಟ್ಟಿಲು, ವಿಸಿಟಿಂಗ್ ಕಾರ್ಡ್ ಮೇಲೆ ಹಾಕಿಕೊಳ್ಳಲು ಒಂದು ವಿಳಾಸ, ಇವೆಲ್ಲ ವಾರಕ್ಕೆ 2 ದಿನ ಬರುವವರಿಗೂ 6 ದಿನ ಬರುವವರಿಗೂ ಒಂದೇ. ಇದಕ್ಕೆ ಎಲ್ಲರೂ ಸಮನಾಗಿ ಕೊಡಬೇಕು.

ಈ ಸಮಪಾಲಿನ ಭಾಗ ಎಷ್ಟಿರಬೇಕು ಅನ್ನುವಲ್ಲಿ ಜನ ಜಗಳ ಆಡುತ್ತಾರೆ. ಕೆಲವರು ಅಂದಾಜಿಗೆ ಅರ್ಧ ಅನ್ನುತ್ತಾರೆ, ಕೆಲವರು ಕಾಲು ಭಾಗ. ಅಂದಾಜು ಬೇಡ, ಬೀದಿಯಲ್ಲಿ ವಿಚಾರಿಸಿ. ಅದೇ ಸುತ್ತಮುತ್ತ ಒಬ್ಬರೇ ಕೂತು ಕೆಲಸ ಮಾಡುವಷ್ಟು ಚಿಕ್ಕ ರೂಮಿಗೆ ಎಷ್ಟು ಬಾಡಿಗೆ? ನಮ್ಮಲ್ಲಿ ಅದು 6,000 ಇತ್ತು. ಒಬ್ಬರೇ ಇದ್ದರೂ ಅಷ್ಟು ತೆರಲೇಬೇಕು ಅಂದಮೇಲೆ ಅದೇ ಮೂಲ ಖರ್ಚು. ಅದನ್ನು ಮೂರು ಸಮಪಾಲು ಮಾಡಿ. ಅದಕ್ಕಿಂತ ಮೇಲಿನ 6,000 ರೂಪಾಯಿ ಇರುವುದು ಟೇಬಲ್‌ಗಳು ಹೆಚ್ಚಿವೆ ಅನ್ನುವ ಕಾರಣಕ್ಕೆ. ಅದನ್ನು ಕಾದಿರಿಸಿದ ದಿನಗಳ ಮೇಲೆ ಹಂಚಿ.

ನಮ್ಮ ಲೆಕ್ಕ ಹೀಗೆ ಬರುತ್ತದೆ. ಮೂಲ 6,000ದಲ್ಲಿ ತಲಾ 2,000. ಉಳಿದ 6,000ವನ್ನು 12 ದಿನಕ್ಕೆ ಭಾಗಿಸಿದರೆ, ವಾರದಲ್ಲಿ ಕಾದಿರಿಸಿದ ಒಂದೊಂದು ದಿನಕ್ಕೆ ತಿಂಗಳಿಗೆ 500. ಎಡಿಟರ್‌ಗೆ 6 ದಿನಕ್ಕೆ 3,000, ನನಗೆ 2,000, ಡೆವಲಪರ್‌ಗೆ 1,000. ಎರಡನ್ನೂ ಕೂಡಿಸಿದರೆ ಎಡಿಟರ್ 5,000, ನಾನು 4,000, ಡೆವಲಪರ್ 3,000.

ಸ್ಪ್ರೆಡ್‌ಶೀಟ್‌ನಲ್ಲಿ ಹಾಕಿಕೊಳ್ಳುವುದಾದರೆ `B1`ರಲ್ಲಿ ಒಟ್ಟು ಬಾಡಿಗೆ, `B2`ರಲ್ಲಿ ಮೂಲ ಖರ್ಚು, `C4`ರಿಂದ `C6`ರವರೆಗೆ ಮೂವರ ವಾರದ ದಿನಗಳನ್ನು ಬರೆದು, `D4`ರಲ್ಲಿ ಈ ಸೂತ್ರ ಹಾಕಿ ಕೆಳಗೆ ಎಳೆಯಿರಿ:

```
=$B$2/3+($B$1-$B$2)*C4/SUM($C$4:$C$6)
```

ಕರಾರು ಮುಗಿದು ಓನರ್ ಬಾಡಿಗೆ ಏರಿಸಿದಾಗ `B1` ಮತ್ತು `B2` ಎರಡನ್ನೂ ಅದೇ ಪ್ರಮಾಣದಲ್ಲಿ ಏರಿಸಿ. `B1` ಒಂದನ್ನೇ ಏರಿಸಿದರೆ ಏರಿಕೆಯ ಭಾರ ಜಾಸ್ತಿ ದಿನ ಕಾದಿರಿಸಿದವರ ಮೇಲೆ ಹೆಚ್ಚಿಗೆ ಬೀಳುತ್ತದೆ.

ಹೆಜ್ಜೆ 3: ಹೊರಗಿನ ದರದ ಜೊತೆ ಹೋಲಿಸಿ

ಲೆಕ್ಕ ಬಂದಮೇಲೆ ಪ್ರತಿಯೊಬ್ಬರೂ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಈ ಗುಂಪಿನಲ್ಲಿ ಇಲ್ಲದಿದ್ದರೆ ನನಗೆ ಎಷ್ಟು ಖರ್ಚಾಗುತ್ತಿತ್ತು? ಯಾರ ಪಾಲಾದರೂ ಅದಕ್ಕಿಂತ ಜಾಸ್ತಿ ಬಂದಿದ್ದರೆ ಆ ಹಂಚಿಕೆ ಬಾಳುವುದಿಲ್ಲ. ಅವರು ಇವತ್ತು ಒಪ್ಪಿದರೂ ಮೂರು ತಿಂಗಳಲ್ಲಿ ಬಿಟ್ಟು ಹೋಗುತ್ತಾರೆ.

ಎಡಿಟರ್‌ಗೂ ನನಗೂ ಹೊರಗೆ 6,000ದ ರೂಮು, ಹಾಗಾಗಿ 5,000 ಮತ್ತು 4,000 ಲಾಭವೇ. ಡೆವಲಪರ್‌ಗೆ ರೂಮು ಬೇಕಿಲ್ಲ. ಕೋ-ವರ್ಕಿಂಗ್ ಜಾಗಕ್ಕೆ ಹೋಗಿ ದಿನದ ಪಾಸ್ ತಗೊಂಡರೆ ಸಾಕು. ನಾವು ವಿಚಾರಿಸಿದ ಕಡೆ ಅದು ದಿನಕ್ಕೆ 400 ಇತ್ತು. ತಿಂಗಳಿಗೆ 9 ದಿನ ಅಂದರೆ 3,600. ನಮ್ಮಲ್ಲಿ 3,000. ಸರಿಹೋಯಿತು.

ಆದರೆ ಅವರು ವಾರಕ್ಕೆ ಒಂದೇ ದಿನ ಬರುವವರಾಗಿದ್ದರೆ? ಇದೇ ಸೂತ್ರದಲ್ಲಿ ಅವರ ಪಾಲು ಸುಮಾರು 2,545 ಆಗುತ್ತದೆ. ಹೊರಗೆ 5 ದಿನದ ಪಾಸ್‌ಗೆ 2,000 ಸಾಕು. ಆಗ ಸೂತ್ರವನ್ನು ಎಳೆದಾಡಿ ಹೇಗೋ ಹೊಂದಿಸಲು ಹೋಗಬೇಡಿ. ಅಷ್ಟು ಕಡಿಮೆ ಬರುವವರು ಪಾಲುದಾರರಾಗುವುದಕ್ಕಿಂತ ದಿನಕ್ಕೆ 300 ಅಥವಾ 350 ಕೊಟ್ಟು ಬಂದುಹೋಗುವ ಅತಿಥಿಯಾಗಿರುವುದು ವಾಸಿ. ಅವರು ಕೊಟ್ಟದ್ದನ್ನು ಬಾಡಿಗೆಯಲ್ಲಿ ಕಳೆದು ಉಳಿದದ್ದನ್ನು ಇಬ್ಬರು ಹಂಚಿಕೊಳ್ಳಬಹುದು. ನಮ್ಮಂಥ ಚಿಕ್ಕ ರೂಮಿನಲ್ಲಿ ವಾರಕ್ಕೆ ಎರಡು ದಿನ ಅನ್ನುವುದೇ ಪಾಲುದಾರರಾಗುವ ಗಡಿ ಅಂತ ನನ್ನ ಅನುಭವ.

ಹೆಜ್ಜೆ 4: ಇಂಟರ್ನೆಟ್‌ಗೆ ಬೇರೆಯೇ ಲೆಕ್ಕ

ಇಂಟರ್ನೆಟ್ ಬಿಲ್ಲನ್ನು ಬಾಡಿಗೆಯ ಜೊತೆ ಸೇರಿಸಿ 5:4:3ರಲ್ಲಿ ಹಂಚಿಬಿಡೋಣ ಅನ್ನಿಸುವುದು ಸಹಜ. ಹಾಗೆ ಮಾಡಬೇಡಿ. ನಾನು ವಾರಕ್ಕೆ 4 ದಿನ ಬಂದರೂ ವರ್ಡ್ ಫೈಲು, ನಿಘಂಟು, ಇಮೇಲ್ ಬಿಟ್ಟರೆ ಬೇರೇನೂ ತೆರೆಯುವುದಿಲ್ಲ. 2 ದಿನ ಬರುವ ಡೆವಲಪರ್‌ಗೆ ನನಗಿಂತ ಒಳ್ಳೆಯ ಕನೆಕ್ಷನ್ ಬೇಕು.

ಹಾಗಾದರೆ ಯಾರು ಎಷ್ಟು ಜಿಬಿ ಬಳಸಿದರು ಅಂತ ರೂಟರ್‌ನಲ್ಲಿ ನೋಡಿ ಹಂಚಿದರೆ? ಅದೂ ಸರಿಯಲ್ಲ. ಫೈಬರ್ ಕಂಪನಿಗಳು ನಮಗೆ ಜಿಬಿ ಲೆಕ್ಕದಲ್ಲಿ ಮಾರುವುದಿಲ್ಲ, ವೇಗದ ಲೆಕ್ಕದಲ್ಲಿ ಮಾರುತ್ತವೆ. ಪ್ಲಾನ್‌ನಲ್ಲಿ ತಿಂಗಳಿಗೆ 3,300 ಜಿಬಿಯಂಥ ಮಿತಿ ಇದ್ದರೂ ಮೂವರ ಆಫೀಸು ಅದನ್ನು ಮುಟ್ಟುವುದು ಅಪರೂಪ. ನಾನು 20 ಜಿಬಿ ಬಳಸಿದರೂ 200 ಜಿಬಿ ಬಳಸಿದರೂ ಬಿಲ್ಲು ಬದಲಾಗುವುದಿಲ್ಲ. ಬಿಲ್ಲನ್ನು ಏರಿಸುವುದು "ನನಗೆ ಇಷ್ಟು ವೇಗ ಬೇಕು" ಅನ್ನುವ ಬೇಡಿಕೆ. ಹಾಗಾಗಿ ಹಂಚಬೇಕಾದದ್ದೂ ಅದನ್ನೇ.

ಇದು ಹಳೆಯ ಸಮಸ್ಯೆಯೇ. ವಿಮಾನ ನಿಲ್ದಾಣದ ರನ್‌ವೇ ಖರ್ಚನ್ನು ಚಿಕ್ಕ ವಿಮಾನ, ದೊಡ್ಡ ವಿಮಾನಗಳ ನಡುವೆ ಹೇಗೆ ಹಂಚಬೇಕು ಅನ್ನುವುದಕ್ಕೆ ಲಿಟಲ್‌ಚೈಲ್ಡ್ ಮತ್ತು ಓವನ್ ಅನ್ನುವ ಇಬ್ಬರು ಸಂಶೋಧಕರು 1973ರಲ್ಲಿ ಒಂದು ಸರಳ ದಾರಿ ತೋರಿಸಿದರು. ಚಿಕ್ಕ ವಿಮಾನಕ್ಕೆ ಬೇಕಾಗುವಷ್ಟು ಉದ್ದದ ಖರ್ಚನ್ನು ಎಲ್ಲರೂ ಸಮನಾಗಿ ಹೊರಬೇಕು. ಅದರ ಮುಂದಿನ ತುಂಡನ್ನು ಅದು ಬೇಕಾದವರು ಮಾತ್ರ. ಕೊನೆಯ ತುಂಡನ್ನು ದೊಡ್ಡ ವಿಮಾನದವರು ಮಾತ್ರ. ನಮ್ಮ ಇಂಟರ್ನೆಟ್‌ಗೆ ಇದು ಹೇಳಿ ಮಾಡಿಸಿದ ಹಾಗೆ ಹೊಂದುತ್ತದೆ.

ಮೂರು ಪ್ಲಾನ್ ತಗೊಳ್ಳಿ. 30 ಎಂಬಿಪಿಎಸ್‌ಗೆ 399, 100ಕ್ಕೆ 699, 300ಕ್ಕೆ 1,499. ಇದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 471, 825, 1,769. ನಿಮ್ಮ ಕಂಪನಿಯ ದರ ಬೇರೆ ಇರಬಹುದು, ಲೆಕ್ಕದ ರೀತಿ ಇದೇ. ನನಗೆ 30 ಸಾಕು, ಡೆವಲಪರ್‌ಗೆ 100 ಬೇಕು, ಎಡಿಟರ್‌ಗೆ 300 ಬೇಕು. ತಗೊಂಡಿರುವುದು 300ರ ಪ್ಲಾನ್.

ಮೊದಲ ತುಂಡು 471. ಇದು ಮೂವರಿಗೂ ಬೇಕು, ತಲಾ 157.

ಎರಡನೆಯ ತುಂಡು 30ರಿಂದ 100ಕ್ಕೆ ಏರುವ ಖರ್ಚು, 354. ಇದು ಇಬ್ಬರಿಗೆ ಬೇಕು, ತಲಾ 177.

ಮೂರನೆಯದು 100ರಿಂದ 300ಕ್ಕೆ ಏರುವ 944. ಇದು ಎಡಿಟರ್‌ಗೆ ಮಾತ್ರ.

ಒಟ್ಟಿಗೆ ನನ್ನ ಪಾಲು 157, ಡೆವಲಪರ್ ಅವರದು 334, ಎಡಿಟರ್ ಅವರದು 1,278. ಈಗ ಹೊರಗಿನ ದರದ ಜೊತೆ ಹೋಲಿಸಿ. ಒಬ್ಬೊಬ್ಬರೇ ಕನೆಕ್ಷನ್ ತಗೊಂಡಿದ್ದರೆ ನನಗೆ 471, ಡೆವಲಪರ್‌ಗೆ 825, ಎಡಿಟರ್‌ಗೆ 1,769 ಆಗುತ್ತಿತ್ತು. ಮೂವರಿಗೂ ಉಳಿತಾಯ ಇದೆ. ದೊಡ್ಡ ಪಾಲು ಕೊಡುವ ಎಡಿಟರ್‌ಗೂ 491 ರೂಪಾಯಿ ಉಳಿಯುತ್ತದೆ. ಅವರಿಗೆ ಈ ಅಂಕಿ ತೋರಿಸಿದ ಮೇಲೆ ಮಾತು ಸುಲಭವಾಯಿತು.

"300ರ ವೇಗ ನಿಮಗೂ ಸಿಗುತ್ತಲ್ವಾ?" ಅಂತ ಅವರು ಕೇಳಿದ್ದು ನಿಜ. ಆಗ ಸಿಗುತ್ತಿತ್ತು. ಆದರೆ ಅವರು ಇಲ್ಲದಿದ್ದರೆ ನಾನು ಆ ಪ್ಲಾನ್ ತಗೊಳ್ಳುತ್ತಿದ್ದೆನಾ ಅನ್ನುವುದು ಇಲ್ಲಿ ಕೇಳಬೇಕಾದ ಪ್ರಶ್ನೆ. ನಾನು ತಗೊಳ್ಳುತ್ತಿರಲಿಲ್ಲ.

ಈ ರೀತಿಯಲ್ಲಿ ಒಂದು ಅಪಾಯ ಇದೆ. "ನನಗೆ 30 ಸಾಕು" ಅಂತ ಯಾರು ಬೇಕಾದರೂ ಹೇಳಿ ಪಾಲು ಕಡಿಮೆ ಮಾಡಿಕೊಳ್ಳಬಹುದು. ಅದಕ್ಕೆ ನಾವು ಮಾಡಿಕೊಂಡ ಪರೀಕ್ಷೆ ಸುಲಭದ್ದು. ಹಲವು ರೂಟರ್‌ಗಳಲ್ಲಿ `Bandwidth Control` ಅಥವಾ `QoS` ಅನ್ನುವ ಜಾಗ ಇರುತ್ತದೆ. ಅಲ್ಲಿ ಒಂದೊಂದು ಲ್ಯಾಪ್‌ಟಾಪ್‌ಗೂ ವೇಗದ ಮಿತಿ ಹಾಕಬಹುದು. 30 ಸಾಕು ಅನ್ನುವವರು ಎರಡು ವಾರ 30ರ ಮಿತಿಯಲ್ಲೇ ಕೆಲಸ ಮಾಡಿ ನೋಡಲಿ. ನನ್ನ ಲ್ಯಾಪ್‌ಟಾಪ್‌ಗೆ ಹಾಕಿದ್ದೆವು, ನನಗೆ ಗೊತ್ತೇ ಆಗಲಿಲ್ಲ. ಈಗಲೂ ಆ ಮಿತಿ ಹಾಗೇ ಇದೆ.

ಹೆಜ್ಜೆ 5: ದೊಡ್ಡ ಪ್ಲಾನ್ ನಿಜವಾಗಿ ಬೇಕಾ ಅಂತ ಅಳೆಯಿರಿ

ನಮ್ಮಲ್ಲಿ ಮೊದಲು ಇದ್ದದ್ದು 100ರ ಪ್ಲಾನ್. ಒಂದು ಗುರುವಾರ ಸಂಜೆ ಡೆವಲಪರ್ ಕ್ಲೈಂಟ್ ಜೊತೆ ಕಾಲ್‌ನಲ್ಲಿದ್ದರು. ಧ್ವನಿ ತುಂಡು ತುಂಡಾಗಿ ಬರತೊಡಗಿತು, ಚಿತ್ರ ನಿಂತೇ ಹೋಯಿತು. ಅವರು ಕಾಲ್ ಕಟ್ ಮಾಡಿ ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಳ್ಳಬೇಕಾಯಿತು. ಅದೇ ಹೊತ್ತಿಗೆ ಪಕ್ಕದ ಟೇಬಲ್‌ನಲ್ಲಿ 40 ಜಿಬಿಯ ಮದುವೆ ವಿಡಿಯೋ ಅಪ್‌ಲೋಡ್ ಆಗುತ್ತಿತ್ತು. "100 ಸಾಲಲ್ಲ, 300 ಹಾಕಿಸೋಣ" ಅಂತ ಅವತ್ತೇ ತೀರ್ಮಾನಿಸಿಬಿಟ್ಟೆವು. ಹಾಕಿಸಿದ ಮೇಲೂ ಅದೇ ತೊಂದರೆ ಮರುಕಳಿಸಿತು.

ವೀಡಿಯೋ ಕಾಲ್‌ಗೆ ಬೇಕಾಗುವುದು 3-4 ಎಂಬಿಪಿಎಸ್ ಅಷ್ಟೇ. ಅದಕ್ಕೆ ಜಾಗ ಇಲ್ಲದಿರಲು ಕಾರಣ ಬೇರೆ. ದೊಡ್ಡ ಅಪ್‌ಲೋಡ್ ಶುರುವಾದರೆ ಅದು ಹೊರಹೋಗುವ ದಾರಿಯನ್ನು ಪೂರ್ತಿ ತುಂಬುತ್ತದೆ. ರೂಟರ್‌ನೊಳಗೆ ಸಾಲು ಬೆಳೆಯುತ್ತದೆ. ಕಿರಿದಾದ ಓಣಿಯಲ್ಲಿ ಲಾರಿಗಳು ಸಾಲಾಗಿ ನಿಂತರೆ ಹಿಂದೆ ಬಂದ ಸೈಕಲ್ಲೂ ಕಾಯಬೇಕಾಗುತ್ತದೆ, ಅಲ್ವಾ? ಕಾಲ್‌ನ ಧ್ವನಿಗೆ ಆದದ್ದೂ ಅದೇ. ವೇಗ ಏರಿಸಿದರೆ ಲಾರಿಗಳು ಬೇಗ ಹೋಗುತ್ತವೆ. ಆದರೆ ಲಾರಿ ಇರುವಷ್ಟು ಹೊತ್ತು ಓಣಿ ಕಟ್ಟಿಯೇ ಇರುತ್ತದೆ.

ಇದನ್ನು ಪತ್ತೆ ಮಾಡುವುದು ಸುಲಭ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಬರೆಯಿರಿ:

```
ping -t 8.8.8.8
```

ಯಾರೂ ಏನೂ ಮಾಡದಿದ್ದಾಗ ನಮ್ಮಲ್ಲಿ `time=9ms` ಆಸುಪಾಸು ಬರುತ್ತದೆ. ಅಪ್‌ಲೋಡ್ ಶುರು ಮಾಡಿಸಿ ಮತ್ತೆ ನೋಡಿ. ಸಂಖ್ಯೆ 200, 300 ದಾಟಿದರೆ ಅಥವಾ `Request timed out` ಅಂತ ಬರತೊಡಗಿದರೆ ಸಮಸ್ಯೆ ಈ ಸಾಲಿನದ್ದು. ಆಗ ಪ್ಲಾನ್ ಏರಿಸುವ ಮುಂಚೆ ಅಪ್‌ಲೋಡ್ ಮಾಡುವ ಕಂಪ್ಯೂಟರ್‌ಗೆ ರೂಟರ್‌ನಲ್ಲಿ ಮಿತಿ ಹಾಕಿ. ಇರುವ ವೇಗದ 80 ಪರ್ಸೆಂಟ್ ಸಾಕು. ಉಳಿದ ದಾರಿಯಲ್ಲಿ ಕಾಲ್‌ಗಳು ಸುಸೂತ್ರವಾಗಿ ಹೋಗುತ್ತವೆ. ಯಾವ ಖರ್ಚೂ ಇಲ್ಲ. ಅಪ್‌ಲೋಡ್ ಇಲ್ಲದಾಗಲೂ ಸಂಖ್ಯೆ ಏರಿಳಿದರೆ ತೊಂದರೆ ವೈಫೈನದ್ದು ಇರಬಹುದು. ರೂಟರ್‌ನಿಂದ ಕೇಬಲ್ ಎಳೆದು ನೇರವಾಗಿ ಲ್ಯಾಪ್‌ಟಾಪ್‌ಗೆ ಚುಚ್ಚಿ ಮತ್ತೊಮ್ಮೆ ನೋಡಿ.

ಮಿತಿ ಹಾಕಿದ ಮೇಲೆ 300ರ ಪ್ಲಾನ್ ಕಾಲ್‌ಗಳಿಗೆ ಬೇಕಿರಲಿಲ್ಲ. ಎಡಿಟರ್‌ಗೆ ಬೇಕಾ ಅನ್ನುವುದನ್ನು ಸಮಯದಲ್ಲಿ ಅಳೆದೆವು. 40 ಜಿಬಿ ಅಪ್‌ಲೋಡ್ ಮಾಡಲು 80 ಎಂಬಿಪಿಎಸ್‌ನಲ್ಲಿ 1 ಗಂಟೆ 7 ನಿಮಿಷ ಬೇಕು. 240ರಲ್ಲಿ 22 ನಿಮಿಷ. ಸೀಸನ್‌ನಲ್ಲಿ ಅವರು ದಿನಕ್ಕೆ ಎರಡು ಮೂರು ಸಲ ಇಷ್ಟು ದೊಡ್ಡ ಫೈಲು ಕಳಿಸುತ್ತಾರೆ. ಆ ಸಮಯಕ್ಕೆ ತಿಂಗಳಿಗೆ 944 ಕೊಡುವುದು ಅವರಿಗೆ ಲಾಭ ಅನ್ನಿಸಿತು, ಅವರೇ ಒಪ್ಪಿಕೊಂಡರು. ಇಲ್ಲಿ ಒಂದು ಎಚ್ಚರ. ಅಪ್‌ಲೋಡ್ ವೇಗ ಡೌನ್‌ಲೋಡ್‌ನಷ್ಟೇ ಇರುವ ಪ್ಲಾನ್ ಆಗಿದ್ದರೆ ಮಾತ್ರ ಈ ಲೆಕ್ಕ ನಡೆಯುತ್ತದೆ. ಕೆಲವು ಕಡೆ ಅಪ್‌ಲೋಡ್ ಅರ್ಧಕ್ಕಿಂತ ಕಡಿಮೆ ಇರುತ್ತದೆ. ಹಾಕಿಸುವ ಮುಂಚೆ ಕೇಳಿ.

ಹೆಜ್ಜೆ 6: ಏರಿಳಿತಕ್ಕೆ ಮುಂಚೆಯೇ ದಾರಿ ಮಾಡಿಡಿ

ಎಡಿಟರ್‌ನ ಆಷಾಢದ ಪ್ರಶ್ನೆಗೆ ಉತ್ತರ ಬೇಕಲ್ಲ. ಬಾಡಿಗೆಯಲ್ಲಿ ದಿನಗಳ ಸಂಖ್ಯೆಯನ್ನು ಮೂರು ತಿಂಗಳಿಗೊಮ್ಮೆ ಮಾತ್ರ ಬದಲಾಯಿಸಬಹುದು, ಅದೂ ಒಂದು ತಿಂಗಳು ಮುಂಚೆ ಹೇಳಬೇಕು ಅಂತ ಇಟ್ಟುಕೊಂಡಿದ್ದೇವೆ. ಒಂದು ತಿಂಗಳ ಬಿಡುವಿಗೆ ರಿಯಾಯಿತಿ ಇಲ್ಲ. ಟೇಬಲ್ ಖಾಲಿ ಮಾಡಿಕೊಟ್ಟು ಅಲ್ಲಿ ಬೇರೆಯವರನ್ನು ಆ ತಿಂಗಳಿಗೆ ಕೂರಿಸಿದರೆ, ಆ ದುಡ್ಡು ಪೂರ್ತಿ ಟೇಬಲ್‌ನವರಿಗೇ.

ಇಂಟರ್ನೆಟ್‌ನಲ್ಲಿ ಮಾತ್ರ ನಿಜವಾದ ರಿಯಾಯಿತಿ ಸಾಧ್ಯ. ಆಷಾಢದ ತಿಂಗಳು 100ರ ಪ್ಲಾನ್‌ಗೆ ಇಳಿಯುತ್ತೇವೆ. ಆಗ ಬಿಲ್ಲು 825. ಎಡಿಟರ್ 334, ಡೆವಲಪರ್ 334, ನಾನು 157. ನಮ್ಮಿಬ್ಬರ ಪಾಲು ಒಂದು ರೂಪಾಯಿಯೂ ಬದಲಾಗುವುದಿಲ್ಲ, ಅವರಿಗೆ 944 ಉಳಿಯುತ್ತದೆ. ಒಬ್ಬರ ಬೇಡಿಕೆ ಏರಿಳಿದರೆ ಅದರ ಲಾಭನಷ್ಟ ಅವರಿಗೇ ಆಗುವುದು ಈ ಹಂಚಿಕೆಯಲ್ಲಿ ನನಗೆ ತುಂಬಾ ಇಷ್ಟವಾದ ಗುಣ. ಆದರೆ ಇದಕ್ಕೆ ತಿಂಗಳು ತಿಂಗಳು ಕಟ್ಟುವ ಪ್ಲಾನ್ ಇರಬೇಕು. 6 ತಿಂಗಳು ಅಥವಾ ವರ್ಷದ ದುಡ್ಡು ಒಮ್ಮೆಗೇ ಕಟ್ಟಿದರೆ ಕೆಲವು ದಿನ ಹೆಚ್ಚಿಗೆ ಸಿಗುತ್ತದೆ ನಿಜ, ನಡುವೆ ಇಳಿಯಲು ಆಗುವುದಿಲ್ಲ.

ಕರೆಂಟಿನ ಬಗ್ಗೆ ಒಂದು ಮಾತು. ಕಮರ್ಷಿಯಲ್ ಮೀಟರ್ ಆದ್ದರಿಂದ ಯೂನಿಟ್ ದರ ಮನೆಗಿಂತ ಜಾಸ್ತಿ. ಎಡಿಟಿಂಗ್ ಕಂಪ್ಯೂಟರ್‌ಗೆ ಪ್ಲಗ್‌ಗೆ ಹಾಕುವ ಚಿಕ್ಕ ಮೀಟರ್ ಹಾಕಿದ್ದೇವೆ, ಅದರಲ್ಲಿ ತೋರಿಸುವ ಯೂನಿಟ್ ಅವರದು, ಉಳಿದದ್ದು ಸಮಪಾಲು.

ಹೆಜ್ಜೆ 7: ಕಾಗದ, ತೆರಿಗೆ, ಅಡ್ವಾನ್ಸ್

ಕರಾರು ಯಾರ ಹೆಸರಿನಲ್ಲಿ ಅನ್ನುವುದನ್ನು ಸುಮ್ನೆ ಯಾರೋ ಒಬ್ಬರ ಆಧಾರ್ ಕೈಗೆ ಸಿಕ್ಕಿತು ಅಂತ ನಿರ್ಧರಿಸಬೇಡಿ. 2024ರ ಅಕ್ಟೋಬರ್ 10ರಿಂದ ಒಂದು ನಿಯಮ ಇದೆ. ಜಿಎಸ್‌ಟಿ ನೋಂದಣಿ ಇಲ್ಲದ ಓನರ್‌ನಿಂದ ನೋಂದಣಿ ಇರುವವರು ವಾಣಿಜ್ಯ ಜಾಗ ಬಾಡಿಗೆಗೆ ಹಿಡಿದರೆ, ಬಾಡಿಗೆಯ ಮೇಲಿನ 18 ಪರ್ಸೆಂಟ್ ತೆರಿಗೆಯನ್ನು ಬಾಡಿಗೆದಾರರೇ ಕಟ್ಟಬೇಕು. 12,000ಕ್ಕೆ ಅದು 2,160. ಕಟ್ಟಿದ್ದನ್ನು ಅವರು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ತಾವು ಕಟ್ಟಬೇಕಾದ ಬೇರೆ ಜಿಎಸ್‌ಟಿಯಲ್ಲಿ ಕಳೆದುಕೊಂಡು, ಪಡೆಯಬಹುದಾದರೂ, ಉಳಿದ ಇಬ್ಬರಿಂದ ತಗೊಳ್ಳುವ ಪಾಲಿನ ಮೇಲೆ ತೆರಿಗೆಯ ಪ್ರಶ್ನೆ ಏಳುತ್ತದೆ. ನಮ್ಮ ಡೆವಲಪರ್‌ಗೆ ನೋಂದಣಿ ಇದೆ. ಕರಾರಿಗೆ ಸಹಿ ಹಾಕುವ ಮುಂಚೆ ಆಡಿಟರ್‌ ಅನ್ನು ಕೇಳಿ, ನೋಂದಣಿ ಇಲ್ಲದ ನಮ್ಮಿಬ್ಬರ ಹೆಸರಿನಲ್ಲಿ ಮಾಡಿಸಿದೆವು. ನಿಮ್ಮಲ್ಲಿ ಯಾರಿಗಾದರೂ ನೋಂದಣಿ ಇದ್ದರೆ ನೀವೂ ಮೊದಲು ಕೇಳಿ, ಆಮೇಲೆ ಸ್ಟಾಂಪ್ ಪೇಪರ್ ತನ್ನಿ.

ಮೂವರ ನಡುವಿನ ಒಪ್ಪಂದ ಬೇರೆ ಹಾಳೆಯಲ್ಲಿ ಇರಲಿ. ಯಾರಿಗೆ ಎಷ್ಟು ದಿನ, ಮೂಲ ಖರ್ಚು ಎಷ್ಟು, ಇಂಟರ್ನೆಟ್‌ನಲ್ಲಿ ಯಾರ ತುಂಡು ಯಾವುದು ಅಂತ ಬರೆದು ಮೂವರೂ ಸಹಿ ಹಾಕಿ. ಪ್ರತಿ ತಿಂಗಳು 3ನೇ ತಾರೀಖಿನೊಳಗೆ ಇಬ್ಬರು ನನಗೆ ಯುಪಿಐ ಮಾಡುತ್ತಾರೆ, 5ಕ್ಕೆ ನಾನು ಓನರ್‌ಗೆ ಕಳಿಸುತ್ತೇನೆ. ಕಳಿಸುವಾಗ ಬಾಡಿಗೆ, ಇಂಟರ್ನೆಟ್ ಬೇರೆ ಬೇರೆಯಾಗಿ ಹಾಕಲು ಹೇಳಿದ್ದೇನೆ. ಒಟ್ಟಿಗೆ ಹಾಕಿದರೆ ಆರು ತಿಂಗಳ ನಂತರ ಯಾವುದು ಯಾವುದಕ್ಕೆ ಅಂತ ಹುಡುಕುವುದೇ ಕೆಲಸವಾಗುತ್ತದೆ.

ಅಡ್ವಾನ್ಸ್ 60,000. ಅದನ್ನು ಬಾಡಿಗೆಯ ಪ್ರಮಾಣದಲ್ಲೇ ಹಾಕಿದ್ದೇವೆ, 25,000, 20,000, 15,000. ನಡುವೆ ಬಿಟ್ಟು ಹೋಗುವವರು ಎರಡು ತಿಂಗಳು ಮುಂಚೆ ಹೇಳಬೇಕು, ಆ ಎರಡು ತಿಂಗಳ ಬಾಡಿಗೆ ಕೊಡಬೇಕು. ಅವರ ಅಡ್ವಾನ್ಸನ್ನು ಓನರ್ ಆಗ ಕೊಡುವುದಿಲ್ಲ, ಹೊಸದಾಗಿ ಬರುವವರು ಕೊಡುತ್ತಾರೆ. ರೂಮು ಖಾಲಿ ಮಾಡುವಾಗ ಓನರ್‌ಗಳು ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ನಮ್ಮ ಕಡೆ ವಾಡಿಕೆ. ಮೊದಲೇ ಹೋದವರು ಪೂರ್ತಿ ಅಡ್ವಾನ್ಸ್ ತಗೊಂಡುಬಿಟ್ಟರೆ ಕೊನೆಯಲ್ಲಿ ಇರುವವರ ತಲೆಗೆ ಅದೆಲ್ಲ ಬರುತ್ತದೆ. ಹಾಗಾಗಿ ಒಂದು ವರ್ಷ ಇದ್ದು ಹೋಗುವವರು ಪೇಂಟಿಂಗ್‌ನಲ್ಲಿ ತಮ್ಮ ಅರ್ಧ ಪಾಲನ್ನು ಬಿಟ್ಟುಕೊಡಬೇಕು ಅಂತ ಬರೆದಿದ್ದೇವೆ. ಡೆವಲಪರ್ ಒಂದು ವರ್ಷಕ್ಕೆ ಹೋದರೆ 3,000ದಲ್ಲಿ ಅರ್ಧ, 1,500 ಇಲ್ಲೇ ಉಳಿಯುತ್ತದೆ, 13,500 ಅವರ ಕೈಗೆ ಸಿಗುತ್ತದೆ. ಹೊಸಬರು ಕೊಡುವ 15,000ದಲ್ಲಿ ಆ 1,500 ಬೇರೆ ಲಕೋಟೆಯಲ್ಲಿ, ರೂಮಿನ ಡ್ರಾಯರ್‌ನಲ್ಲಿ ಪೇಂಟಿಂಗ್ ಅಂತ ಬರೆದು ಇಡುತ್ತೇವೆ.